ಏಜೆನ್ಸಿಯಲ್ಲಿ ರಜೆ ಅನ್ನೋದೇ ಇಲ್ಲ; 12 ದಿನದ ಬಿಡುವು ಒಪ್ಪಿಸಿಕೊಳ್ಳೋದು ಹೇಗೆ?

ಸಂಜೆಪಾಳಿ

ಏಜೆನ್ಸಿ ಮೂಲಕ ಒಂದು ಗೋದಾಮಿನ ಪ್ಯಾಕಿಂಗ್ ವಿಭಾಗದಲ್ಲಿ ಅರೆಕಾಲಿಕ ಕೆಲಸ ಮಾಡ್ತಿದ್ದೇನೆ. ಸೋಮ, ಮಂಗಳ, ಗುರು, ಶುಕ್ರ. ಸಂಜೆ 5ರಿಂದ ರಾತ್ರಿ 10. ಗಂಟೆ ಲೆಕ್ಕದ ಸಂಬಳ. ಒಪ್ಪಂದದಲ್ಲಿ ರಜೆಯ ಮಾತೇ ಇಲ್ಲ.

ಬರುವ ತಿಂಗಳು 12ನೇ ತಾರೀಕು ಗುರುವಾರದಿಂದ 23 ಸೋಮವಾರದವರೆಗೆ ನನಗೆ ಬಿಡುವು ಬೇಕು. 24ಕ್ಕೆ ವಾಪಸ್ ಬರ್ತೇನೆ. ಆ ದಿನಗಳ ಸಂಬಳ ಬೇಡ. ಕೋಆರ್ಡಿನೇಟರ್‌ಗೆ ಫೋನ್ ಮಾಡಿದಾಗ "ಆಯ್ತು, ನೋಡೋಣ" ಅಂದರು. ಬರಹದಲ್ಲಿ ಇರಲಿ ಅಂತ ಮೆಸೇಜ್ ಮಾಡಿ "12 ದಿನ ರಜೆ ಬೇಕು" ಅಂತ ಕೇಳಿದೆ. "ಅರೆಕಾಲಿಕ ಸಿಬ್ಬಂದಿಗೆ ರಜೆ ಸೌಲಭ್ಯ ಇರುವುದಿಲ್ಲ" ಅಂತ ಒಂದೇ ಸಾಲಿನ ಉತ್ತರ ಬಂತು. ಈಗ ಹೋಗಬಹುದಾ, ಹೋಗಬಾರದಾ? ಹೋದರೆ ಕೆಲಸ ಉಳಿಯತ್ತಾ? ಇನ್ನೂ ಮೂರು ವಾರಕ್ಕಿಂತ ಹೆಚ್ಚು ಟೈಮ್ ಇದೆ.

ಎರಡುಗಾಲಿ

ಕೇಳೋದೇ ಯಾಕೆ ಗುರು? ಗಿಗ್ ಕೆಲಸ ಅಂದ್ರೆ ಬಂದ ಶಿಫ್ಟ್ ತಗೊಂಡ್ರೆ ಉಂಟು, ಬಿಟ್ರೆ ಇಲ್ಲ. ಅವರು ನಿಮಗೆ ರಜೆ ಕೊಡಲ್ಲ ಅಂದ್ರೆ ನೀವೂ ಅವರಿಗೆ ಹಾಜರಿ ಕೊಡಬೇಕಿಲ್ಲ. ಆ್ಯಪ್ ಆಫ್ ಮಾಡಿ ಹೋಗಿ ಬನ್ನಿ.

ರೋಸ್ಟರ್ ಮೇಜು

ಎರಡುಗಾಲಿಯವರ ಮಾತು ಡೆಲಿವರಿಗೆ ಒಪ್ಪುತ್ತದೆ. ಅಲ್ಲಿ ಪ್ರತಿ ಆರ್ಡರೂ ಹೊಸದು, ಒಪ್ಪಿಕೊಳ್ಳುವವರೆಗೆ ನಿಮ್ಮದಲ್ಲ. ಸಂಜೆಪಾಳಿಯವರದು ಹಾಗಲ್ಲ. ವಾರಕ್ಕೆ ಅದೇ ನಾಲ್ಕು ದಿನ, ಅದೇ ಜಾಗ. ಇಂಥ ಕಡೆ ಸಾಮಾನ್ಯವಾಗಿ ಪಾಳಿಗಳು ತಾವಾಗೇ ನಿಮ್ಮ ಹೆಸರಿಗೆ ಬೀಳುತ್ತವೆ, ನೀವು ಬೇಡ ಅನ್ನದಿದ್ದರೆ ಒಪ್ಪಿದ ಹಾಗೆ ಲೆಕ್ಕ. ಪಾಳಿ ಒಪ್ಪದೇ ಇರುವುದು ಒಂದು, ಒಪ್ಪಿದ ಪಾಳಿಗೆ ಹೋಗದೇ ಇರುವುದು ಇನ್ನೊಂದು. ಎರಡನೆಯದಕ್ಕೆ ಗೈರು ಅಂತ ಬೀಳುತ್ತದೆ.

ಇನ್ನು ನಿಮಗೆ ಬಂದ ಉತ್ತರದ ವಿಷಯ. ಅದನ್ನು "ಹೋಗಬೇಡಿ" ಅಂತ ಓದಬೇಡಿ. ನೀವು "ರಜೆ" ಅಂದಿರಿ. ಆ ಪದ ಕಂಡ ಕೂಡಲೇ ಆ ಕಡೆಯವರು ಸಂಬಳದ ರಜೆ ಅಂತ ತಿಳಿದು, ಸಿದ್ಧ ಇಟ್ಟುಕೊಂಡ ಸಾಲು ಕಳಿಸಿದರು. ನೀವು ಕೇಳಬೇಕಾದದ್ದು ರಜೆಯನ್ನೇ ಅಲ್ಲ. ಬರದೇ ಇರುವುದಕ್ಕೆ ಹೇಗೂ ಸಂಬಳ ಇಲ್ಲ, ಅದರಿಂದ ಅವರಿಗೆ ಖರ್ಚೂ ಇಲ್ಲ. ನಿಮಗೆ ಬೇಕಾದದ್ದು ವಾಪಸ್ ಬಂದಾಗ ಆ ಜಾಗ. ಮುಂದಿನ ಮೆಸೇಜಿನಲ್ಲಿ "ಈ ದಿನಗಳಲ್ಲಿ ನಾನು ಲಭ್ಯ ಇರುವುದಿಲ್ಲ, ಈ ದಿನದಿಂದ ಲಭ್ಯ" ಅಂತ ಬರೆಯಿರಿ.

ಅದಕ್ಕೆ ಮೊದಲು ಒಪ್ಪಂದ ಮತ್ತು ಆ್ಯಪಿನ ನಿಯಮ ತೆಗೆದು ಮೂರು ವಿಷಯ ನೋಡಿ ಇಲ್ಲಿ ಹಾಕಿ. ರೋಸ್ಟರ್ ಎಷ್ಟು ದಿನದ್ದು, ಯಾವತ್ತು ಮುಚ್ಚುತ್ತದೆ, ಯಾವತ್ತು ಬರುತ್ತದೆ? ಗೈರಿಗೆ ಏನು ಶಿಕ್ಷೆ? ಎಷ್ಟು ದಿನ ಪಾಳಿ ಮಾಡದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ? ಮೂರನೆಯದು ಬಹುತೇಕ ಕೊನೇ ಪುಟದಲ್ಲಿರುತ್ತದೆ, "ಸಾಮಾನ್ಯ ನಿಯಮಗಳು" ಅನ್ನೋ ತಲೆಬರಹದ ಕೆಳಗೆ.

ಕಾಯಿದೆ ಕಣ್ಣು

ಒಪ್ಪಂದದಲ್ಲಿ ಇಲ್ಲ ಅಂದ ಮಾತ್ರಕ್ಕೆ ಹಕ್ಕೇ ಇಲ್ಲ ಅಂತಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1994ರ ಅರೆಕಾಲಿಕ ಕೆಲಸದ ಒಡಂಬಡಿಕೆ, ಸಂಖ್ಯೆ 175, ನೋಡಿ. ಅರೆಕಾಲಿಕರಿಗೂ ಪೂರ್ಣಕಾಲಿಕರಂತೆಯೇ ಸಂಬಳ ಸಹಿತ ವಾರ್ಷಿಕ ರಜೆ ಕೊಡಬೇಕು ಅಂತ ಸ್ಪಷ್ಟವಾಗಿದೆ. ಅದನ್ನು ಉಲ್ಲೇಖಿಸಿ ಬರೆದರೆ ಏಜೆನ್ಸಿ ಕೊಡಲೇಬೇಕು.

ರೋಸ್ಟರ್ ಮೇಜು

ಒಡಂಬಡಿಕೆ ಇರುವುದು ನಿಜ, ರಜೆಯ ಮಾತು ಇರುವುದೂ ನಿಜ. ಆದರೆ ಅದು ಕಟ್ಟಿಹಾಕುವುದು ಅದನ್ನು ಅನುಮೋದಿಸಿದ ದೇಶಗಳನ್ನು, ಏಜೆನ್ಸಿಯನ್ನು ನೇರವಾಗಿ ಅಲ್ಲ. ಅನುಮೋದಿಸಿದ ದೇಶವೂ ತೀರಾ ಕಡಿಮೆ ಗಂಟೆ ದುಡಿಯುವವರನ್ನು ಕೆಲವು ವಿಷಯಗಳಲ್ಲಿ ಹೊರಗಿಡಲು ಅದರಲ್ಲೇ ಅವಕಾಶ ಇದೆ. ಮೇಲಾಗಿ ಅದು ಉದ್ಯೋಗಿಗಳ ಬಗ್ಗೆ. ಒಪ್ಪಂದದಲ್ಲಿ ನಿಮ್ಮನ್ನು "ಸ್ವತಂತ್ರ ಗುತ್ತಿಗೆದಾರ" ಅಂತ ಬರೆದಿದ್ದರೆ ವಾದ ಇನ್ನೂ ಕಷ್ಟವಾಗುತ್ತದೆ.

ಆದರೂ ನಿಮ್ಮ ಮೂಲ ಮಾತು ಬಿಡುವಂಥದ್ದಲ್ಲ. ನಮ್ಮಲ್ಲಿ ರಜೆ ಇಲ್ಲ ಅಂತ ಏಜೆನ್ಸಿ ಹೇಳಿದರೂ ಸ್ಥಳೀಯ ಕಾಯಿದೆಯಲ್ಲಿ ಇರಬಹುದು. ಬ್ರಿಟನ್ನಿನಲ್ಲಿ ಏಜೆನ್ಸಿ ಕೆಲಸಗಾರರಿಗೂ ಗಂಟೆ ಖಾತ್ರಿಯಿಲ್ಲದ ಒಪ್ಪಂದದವರಿಗೂ ವರ್ಷಕ್ಕೆ 5.6 ವಾರ ಸಂಬಳದ ರಜೆ ಉಂಟು, ಒಪ್ಪಂದದಲ್ಲಿ ಬರೆದಿರಲಿ ಬಿಡಲಿ. ಆದ್ದರಿಂದ ಸಂಜೆಪಾಳಿಯವರೇ, ನಿಮ್ಮ ಊರಿನ ಕಾರ್ಮಿಕ ಕಚೇರಿಯಲ್ಲಿ ಒಂದು ಸಲ ವಿಚಾರಿಸಿ. ಆದರೆ ಅದು ಬೇರೆ ದಾರಿ, ಮೂರು ವಾರದಲ್ಲಿ ಮುಗಿಯುವುದಿಲ್ಲ. ಸದ್ಯಕ್ಕೆ ತಾರೀಕು ಭದ್ರ ಮಾಡಿಕೊಳ್ಳೋಣ.

ಸಂಜೆಪಾಳಿ

ನೋಡಿದೆ. ರೋಸ್ಟರ್ ಎರಡು ವಾರದ್ದು, ಸೋಮವಾರ ಶುರು. 9ರಿಂದ 22ರವರೆಗೆ ಒಂದು, 23ರಿಂದ ಇನ್ನೊಂದು. ಯಾವ ದಿನ ಬರಲು ಆಗುತ್ತದೆ ಅಂತ ಹಿಂದಿನ ವಾರದ ಸೋಮವಾರ ರಾತ್ರಿಯೊಳಗೆ ತುಂಬಬೇಕು, ಬುಧವಾರ ರೋಸ್ಟರ್ ಬರುತ್ತದೆ. ಏನೂ ತುಂಬದಿದ್ದರೆ ಹಳೇ ಮಾದರಿಯಲ್ಲೇ ನಾಲ್ಕು ದಿನ ಬೀಳುತ್ತದೆ, ನೀವು ಹೇಳಿದ ಹಾಗೇ. ಬಂದ ಪಾಳಿಯನ್ನು ಅದು ಶುರುವಾಗುವ ಹಿಂದಿನ 48 ಗಂಟೆಯೊಳಗೆ ರದ್ದು ಮಾಡಿದರೆ ಗೈರು. 30 ದಿನದಲ್ಲಿ 3 ಗೈರಾದರೆ ಖಾತೆ "ಪರಿಶೀಲನೆಗೆ" ಹೋಗುತ್ತದೆ.

ಕೊನೇ ಪುಟದಲ್ಲಿ ಇದೆ, ಹೌದು! "ಕೊನೆಯ ಪಾಳಿಯಿಂದ 14 ದಿನ ಯಾವುದೇ ಪಾಳಿ ಪೂರ್ಣಗೊಳಿಸದ ಖಾತೆ ನಿಷ್ಕ್ರಿಯಗೊಳ್ಳುತ್ತದೆ, ಮತ್ತೆ ತರಬೇತಿ ಮುಗಿಸಬೇಕು" ಅಂತ. ನನ್ನದು 12 ದಿನ ತಾನೇ, ತೊಂದರೆ ಇಲ್ಲ ಅಲ್ವಾ?

ರೋಸ್ಟರ್ ಮೇಜು

ತೊಂದರೆ ಅಲ್ಲೇ ಇರುವುದು. ಬಿಡುವಿನ ದಿನ ಎಣಿಸಬೇಡಿ, ಪಾಳಿಯಿಂದ ಪಾಳಿಗೆ ಎಣಿಸಿ. 12 ಗುರುವಾರದಿಂದ ನೀವಿಲ್ಲ. 11 ಬುಧವಾರ ನಿಮಗೆ ಹೇಗೂ ಪಾಳಿ ಇಲ್ಲ. ಅಂದರೆ ಕೊನೆಯ ಪಾಳಿ 10 ಮಂಗಳವಾರ. ವಾಪಸ್ ಬಂದು ಮೊದಲ ಪಾಳಿ 24 ಮಂಗಳವಾರ ಸಂಜೆ 5ಕ್ಕೆ, ಮುಗಿಯುವುದು 10ಕ್ಕೆ. 10ರಿಂದ 24ಕ್ಕೆ ಸರಿಯಾಗಿ 14 ದಿನ. ನಿಯಮದಲ್ಲಿ "ಪೂರ್ಣಗೊಳಿಸದ" ಅಂತಿದೆ. ಆ್ಯಪ್ 24ರ ಬೆಳಗಿನ ಜಾವವೇ ಎಣಿಕೆ ಮಾಡುವುದಾದರೆ, ನೀವು ಸಂಜೆ ಗೇಟಿಗೆ ಬರುವಷ್ಟರಲ್ಲಿ ಖಾತೆ ಸತ್ತಿರುತ್ತದೆ. ಲಾಗಿನ್ ಆಗುವುದಿಲ್ಲ, ಪಾಳಿ ದಾಖಲಾಗುವುದಿಲ್ಲ, ಆ ದಿನದ ಗೈರೂ ನಿಮ್ಮ ಹೆಸರಿಗೇ ಬೀಳುತ್ತದೆ.

ಎರಡನೇ ಎಡವಟ್ಟು ಇದಕ್ಕಿಂತ ದೊಡ್ಡದು. ನಿಮ್ಮ ಬಿಡುವು ಎರಡು ರೋಸ್ಟರಿಗೆ ಕಾಲು ಚಾಚಿದೆ. 12, 13, 16, 17, 19, 20, ಈ ಆರು ಪಾಳಿ ಮೊದಲ ರೋಸ್ಟರಿನವು. 23ರದ್ದು ಒಂದೇ ಎರಡನೆಯದರಲ್ಲಿ. ಮೊದಲ ರೋಸ್ಟರ್ 2ನೇ ತಾರೀಕು ಸೋಮವಾರ ಮುಚ್ಚುತ್ತದೆ, ಆಗ ನೀವು ಇಲ್ಲೇ ಇರುತ್ತೀರಿ. ಎರಡನೆಯದು ಮುಚ್ಚುವುದು 16ಕ್ಕೆ, ನೀವು ಇಲ್ಲದಾಗ. ಕೋಆರ್ಡಿನೇಟರ್ ನಿಮ್ಮ ಹೆಸರಿನ ಮುಂದೆ "ಇಲ್ಲ" ಅಂತ ಹಾಕಿದ್ದನ್ನು ತೆಗೆಯಲು ಮರೆತರೆ 23ರ ಜೊತೆ ಆ ರೋಸ್ಟರಿನ ಉಳಿದ ಏಳು ಪಾಳಿಯೂ ಖಾಲಿ. ನೀವು ಕೇಳಿದ್ದು 7 ಪಾಳಿ ಬಿಡುವು, ಹೋಗುವುದು 14 ಪಾಳಿ. "ಬಿಡುವು ಕೊಟ್ಟರು, ಆಮೇಲೆ ಕೆಲಸವೇ ಕೊಡಲಿಲ್ಲ" ಅನ್ನೋ ದೂರುಗಳಲ್ಲಿ ಸುಮಾರು ಪಾಲು ಹಗೆತನವಲ್ಲ, ಹೀಗೆ ತೆಗೆಯದೇ ಉಳಿದ ಬ್ಲಾಕ್.

ಆದ್ದರಿಂದ ಒಂದು ಪ್ರಶ್ನೆ. 23 ಸೋಮವಾರ ಸಂಜೆ 5ಕ್ಕೆ ಬರಲು ಸಾಧ್ಯವೇ ಇಲ್ಲವಾ? ಬಂದರೆ ಎರಡೂ ಗಂಟು ಒಟ್ಟಿಗೆ ಬಿಚ್ಚುತ್ತವೆ. ಅಂತರ 13 ದಿನ ಆಗುತ್ತದೆ, ಬಿಡುವು ಪೂರ್ತಿ ಒಂದೇ ರೋಸ್ಟರಿನೊಳಗೆ ಬರುತ್ತದೆ.

ಸಂಜೆಪಾಳಿ

23ಕ್ಕೆ ಮಧ್ಯಾಹ್ನ 3ರ ಹೊತ್ತಿಗೆ ಬಂದು ಇಳಿಯೋದು. ದಣಿವು ಇರತ್ತೆ ಅಂತ ಒಂದು ದಿನ ಸೇರಿಸಿ ಕೇಳಿದ್ದೆ. ಗಾಡಿ ತಡವಾದರೆ?

ರೋಸ್ಟರ್ ಮೇಜು

ಎರಡು ಗಂಟೆಯ ಅಂತರ ನಂಬಿ ಪಾಳಿ ಒಪ್ಪಿಕೊಳ್ಳಬೇಡಿ. ತಡವಾದರೆ 48 ಗಂಟೆಯೊಳಗಿನ ರದ್ದು, ನೇರ ಗೈರು. ಹಾಗಾದರೆ ಆಚೆ ತುದಿ ಎಳೆಯಿರಿ. 11 ಬುಧವಾರ ಒಂದು ಹೆಚ್ಚುವರಿ ಪಾಳಿ ಕೇಳಿ. ಬುಧವಾರ ಆ ವಿಭಾಗದಲ್ಲಿ ಜನ ಬೇಕಿರುತ್ತಾರಾ ಅಂತ ನಿಮಗೇ ಗೊತ್ತಿರುತ್ತದೆ. ಸಿಕ್ಕರೆ ಕೊನೆಯ ಪಾಳಿ 11, ಮೊದಲ ಪಾಳಿ 24, ಅಂತರ 13 ದಿನ. ರೋಸ್ಟರಿನ ಗಂಟು ಮಾತ್ರ ಉಳಿಯುತ್ತದೆ, ಅದನ್ನು ಮೆಸೇಜಿನಲ್ಲೇ ಬಿಚ್ಚಬೇಕು.

ಆರೈಕೆ ಕೈ

ನಾನು ಮನೆಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಏಜೆನ್ಸಿಯಲ್ಲಿದ್ದೇನೆ. ನಮ್ಮವರು "ಹೋಗಿ, ಆದರೆ ನಿಮ್ಮ ಬದಲಿ ನೀವೇ ತನ್ನಿ" ಅಂತಾರೆ. ನನ್ನ ತಂಗಿಗೆ ಈ ಕೆಲಸ ಬರುತ್ತದೆ. ಅವಳನ್ನೇ ನನ್ನ ಐಡಿ ಕಾರ್ಡ್ ಕೊಟ್ಟು ಕಳಿಸಲಾ? ಐದೇ ದಿನ.

ರೋಸ್ಟರ್ ಮೇಜು

ಅಕ್ಕಾ, ಅದೊಂದು ಮಾಡಬೇಡಿ. ನಿಮ್ಮ ಹೆಸರಿನ ಕಾರ್ಡಿನಲ್ಲಿ ಬೇರೆಯವರು ಒಳಗೆ ಹೋದರೆ ಅದು ಬದಲಿ ಅಲ್ಲ, ಆಳು ಬದಲಾಯಿಸಿ ವಂಚನೆ ಮಾಡಿದರು ಅಂತಾಗುತ್ತದೆ. ಆ ಮನೆಯಲ್ಲಿ ಔಷಧಿ ತಪ್ಪಿದರೂ, ಒಂದು ವಸ್ತು ಕಾಣೆಯಾದರೂ ಹೊಣೆ ನಿಮ್ಮ ಮೇಲೆ. ಆ ದಿನ ನೀವು ಅಲ್ಲಿರಲಿಲ್ಲ ಅಂತ ಹೇಳಲೂ ಆಗುವುದಿಲ್ಲ. ನಿಮ್ಮ ತಂಗಿಗೆ ಏಟಾದರೆ ಅವರ ದಾಖಲೆಯಲ್ಲಿ ಅವಳು ಇಲ್ಲವೇ ಇಲ್ಲ.

ಬದಲಿ ತನ್ನಿ ಅಂದರೆ ಹೀಗೆ ಬರೆಯಿರಿ: "ನನ್ನ ತಂಗಿಗೆ ಈ ಕೆಲಸದ ಅನುಭವ ಇದೆ, ಹೆಸರು ಸೂಚಿಸುತ್ತಿದ್ದೇನೆ. ನಿಮ್ಮಲ್ಲಿ ನೋಂದಣಿ ಮಾಡಿಕೊಂಡು ನೀವೇ ನಿಯೋಜಿಸಿ. ಆಗದಿದ್ದರೆ ನಿಮ್ಮ ಪಟ್ಟಿಯಿಂದ ಬೇರೆಯವರನ್ನು ಕಳಿಸಿ." ನೋಂದಣಿಗೆ ಗುರುತಿನ ಪರಿಶೀಲನೆ ಎಲ್ಲ ಇರುತ್ತದೆ, ಟೈಮ್ ಹಿಡಿಯುತ್ತದೆ. ಕಡೇ ವಾರದಲ್ಲಿ ಸೂಚಿಸಿದರೆ ಉಪಯೋಗ ಇಲ್ಲ. ಹೆಸರು ಸೂಚಿಸುವುದು ಉಪಕಾರ, ಜನ ಕಳಿಸುವುದು ಅವರ ಕಸುಬು. ಅದಕ್ಕೇ ಅವರು ಆ ಮನೆಯವರಿಂದ ದುಡ್ಡು ತೆಗೆದುಕೊಳ್ಳುವುದು.

ಆರೈಕೆ ಕೈ

ಸರಿ ಸರ್. ಆದರೆ ನಾನು ನೋಡಿಕೊಳ್ಳೋ ಅಜ್ಜಿ ಹೊಸಬರು ಬಂದರೆ ಊಟಾನೇ ಮಾಡಲ್ಲ. ಅದು ಬೇರೆ ಚಿಂತೆ.

ರೋಸ್ಟರ್ ಮೇಜು

ಹಾಗಿದ್ದರೆ ಬದಲಿಯವರಿಗೆ ನಿಮ್ಮ ಕೊನೆಯ ಪಾಳಿಯಲ್ಲಿ ಒಂದು ಗಂಟೆ ಜೊತೆ ಇರಲು ಅವಕಾಶ ಕೇಳಿ. ಆ ಒಂದು ಗಂಟೆಗೆ ಇಬ್ಬರಿಗೂ ಸಂಬಳ ಕೊಡಲು ಏಜೆನ್ಸಿ ಹಿಂಜರಿಯಬಹುದು. ಆದರೂ ಹೊಸಬರನ್ನು ಕಂಡು ಅಜ್ಜಿ ಹಟ ಹಿಡಿದು ಮನೆಯವರು ಫೋನ್ ಮಾಡುವುದಕ್ಕಿಂತ ಅದು ಅಗ್ಗ ಅಂತ ಅವರಿಗೂ ಗೊತ್ತು.

ನೇರಮಾತು

ಇಷ್ಟೆಲ್ಲ ತಲೆನೋವು ಯಾಕ್ರೀ. 12ಕ್ಕೆ ಬೆಳಿಗ್ಗೆ "ಜ್ವರ" ಅಂತ ಮೆಸೇಜ್ ಹಾಕಿ. ಜ್ವರ ಬಂದವರನ್ನು ಯಾರು ಏನು ಮಾಡ್ತಾರೆ?

ಫ್ಲೋರ್ ಲೀಡ್

ಒಂದು ದಿನಕ್ಕೆ ನಡೆಯಬಹುದು, ಏಳು ಪಾಳಿಗೆ ನಡೆಯಲ್ಲ. ಜ್ವರದ ಮೆಸೇಜ್ ಪ್ರತಿ ಪಾಳಿಗೂ ಬೇರೆ ಬೇರೆ ಹಾಕಬೇಕು. 48 ಗಂಟೆಯೊಳಗಿನದು ಆದ್ದರಿಂದ ಒಂದೊಂದೂ ಗೈರಾಗಬಹುದು. ಮೂರನೇ ಪಾಳಿ ಹೊತ್ತಿಗೆ ಖಾತೆ ಪರಿಶೀಲನೆಗೆ ಹೋಗಿರತ್ತೆ, ವೈದ್ಯರ ಚೀಟಿ ಕೇಳ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಇವರು ಈಗಾಗಲೇ ಅದೇ ತಾರೀಕಿಗೆ ಬಿಡುವು ಕೇಳಿ ಮೆಸೇಜ್ ಮಾಡಿದ್ದಾರೆ. ಅದರ ಮೇಲೆ ಜ್ವರ ಅಂದರೆ ಯಾರು ನಂಬ್ತಾರೆ?

ನಾನು ಕ್ಲೈಂಟ್ ಕಡೆ, ಅಂದರೆ ಗೋದಾಮಿನ ಕಡೆ ಪಾಳಿ ನೋಡಿಕೊಳ್ಳುವವನು. ನನ್ನ ಸಲಹೆ ಬೇರೆ. ಮೊದಲು ನಿಮ್ಮ ಸೂಪರ್‌ವೈಸರ್‌ಗೆ ಹೇಳಿ. ಏಜೆನ್ಸಿಗೆ ನೀವು ಪಟ್ಟಿಯಲ್ಲಿನ ಒಂದು ಹೆಸರು. ಪ್ಯಾಕಿಂಗ್ ಬಲ್ಲವರು ಹೋಗಿಬಿಟ್ಟರೆ ನಷ್ಟ ನಮಗೆ. "ಅವರೇ ವಾಪಸ್ ಬೇಕು" ಅಂತ ನಾವು ಒಂದು ಮಾತು ಏಜೆನ್ಸಿಗೆ ಹೇಳಿದರೆ ನಿಮ್ಮ ಹತ್ತು ಮೆಸೇಜಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ರೋಸ್ಟರ್ ಮೇಜು

ಜ್ವರದ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು. ಸೂಪರ್‌ವೈಸರ್‌ಗೆ ಮೊದಲು ಹೇಳುವ ವಿಷಯದಲ್ಲಿ ಒಪ್ಪುವುದಿಲ್ಲ. ಹಲವು ಏಜೆನ್ಸಿಗಳು ಪಾಳಿ ಬದಲಾವಣೆಯನ್ನು ಕ್ಲೈಂಟ್ ಜೊತೆ ನೇರವಾಗಿ ಮಾತಾಡಬಾರದು ಅಂತ ಒಪ್ಪಂದದಲ್ಲೇ ಬರೆದಿರುತ್ತವೆ. ಅವರಿಗಿರುವ ಭಯ ಇಷ್ಟೇ: ಒಬ್ಬರು ಬರುವುದಿಲ್ಲ ಅಂತ ಕ್ಲೈಂಟ್‌ಗೆ ತಮಗಿಂತ ಮೊದಲು ಗೊತ್ತಾದರೆ ಆ ಜಾಗಕ್ಕೆ ಬೇರೆ ಏಜೆನ್ಸಿಯಿಂದ ಆಳು ಕೇಳಿಬಿಡಬಹುದು. ಮೊದಲು ಏಜೆನ್ಸಿಗೆ ಬರೆಯಲಿ. ಅದೇ ದಿನ ಸಂಜೆ ಸೂಪರ್‌ವೈಸರ್‌ಗೆ "ಏಜೆನ್ಸಿಗೆ ತಿಳಿಸಿದ್ದೇನೆ, ನಿಮಗೂ ಗೊತ್ತಿರಲಿ" ಅನ್ನಲಿ.

ಫ್ಲೋರ್ ಲೀಡ್

ಅದು ಏಜೆನ್ಸಿ ಮೇಜಿನಿಂದ ನೋಡುವ ನೋಟ. ನೆಲದ ಮೇಲೆ ನಿಂತು ನೋಡಿದರೆ, ಕೋಆರ್ಡಿನೇಟರ್ ಹೇಳೋದು ಮರೆತು, 12ಕ್ಕೆ ಸಂಜೆ 5ಕ್ಕೆ ಟೇಬಲ್ ಖಾಲಿ ಕಂಡು ನಮಗೆ ಗೊತ್ತಾಗೋದೇ ಹೆಚ್ಚು. ಆಗ ಬೈಗುಳ ಏಜೆನ್ಸಿಗಲ್ಲ, "ಆಯಪ್ಪ ಹೇಳದೆ ಹೋದ" ಅಂತ ಹೋದವನಿಗೆ. ಒಪ್ಪಂದದಲ್ಲಿ ಹಾಗೆ ಬರೆದಿದ್ದರೆ ಏಜೆನ್ಸಿ ಮೊದಲು, ಇಲ್ಲದಿದ್ದರೆ ಸೂಪರ್‌ವೈಸರ್ ಮೊದಲು ಅನ್ನೋದೇ ನನ್ನ ಅಭಿಪ್ರಾಯ.

ಸಂಜೆಪಾಳಿ

ನಮ್ಮ ಒಪ್ಪಂದದಲ್ಲಿ ಆ ಸಾಲು ಕಾಣಲಿಲ್ಲ. ಸೂಪರ್‌ವೈಸರ್ ಕಿವಿಗೆ ಹಾಕಿದ್ದೇನೆ. "ನೀನೇ ವಾಪಸ್ ಬಾ, ಪರವಾಗಿಲ್ಲ" ಅಂದರು, ಬಾಯಿಮಾತಲ್ಲಿ. ಈಗ ಏಜೆನ್ಸಿಗೆ ಏನಂತ ಬರೆಯಲಿ?

ರೋಸ್ಟರ್ ಮೇಜು

ಕರಡು ಹಾಕುತ್ತಿದ್ದೇನೆ, ನಿಮ್ಮ ಮಾತಿಗೆ ತಿದ್ದಿಕೊಳ್ಳಿ. ಕೋಆರ್ಡಿನೇಟರ್ ಒಬ್ಬರಿಗೇ ಕಳಿಸಬೇಡಿ, ಏಜೆನ್ಸಿಯ ಸಾಮಾನ್ಯ ಇಮೇಲಿಗೂ ಹೋಗಲಿ. ಕೋಆರ್ಡಿನೇಟರ್‌ಗಳು ಬದಲಾಗುತ್ತಿರುತ್ತಾರೆ. ಅವರ ಫೋನಿನಲ್ಲಿದ್ದ ಒಪ್ಪಿಗೆ ಅವರ ಜೊತೆಗೇ ಹೋಗುತ್ತದೆ.

> ವಿಷಯ: 12ರಿಂದ 23ರವರೆಗೆ ಲಭ್ಯವಿಲ್ಲ, 24 ಮಂಗಳವಾರದಿಂದ ಲಭ್ಯ. ಪ್ಯಾಕಿಂಗ್ ವಿಭಾಗ, ಸಂಜೆ ಪಾಳಿ
>
> ನಮಸ್ಕಾರ. ಸಂಬಳ ಸಹಿತ ರಜೆ ಕೇಳುತ್ತಿಲ್ಲ. 12, 13, 16, 17, 19, 20 ಮತ್ತು 23, ಈ ಏಳು ಪಾಳಿಗಳಿಗೆ ನಾನು ಲಭ್ಯವಿರುವುದಿಲ್ಲ. 10 ಮಂಗಳವಾರದವರೆಗೆ ಎಂದಿನಂತೆ ಬರುತ್ತೇನೆ. ಜನ ಬೇಕಿದ್ದರೆ 11 ಬುಧವಾರವೂ ಬರಬಲ್ಲೆ.
>
> ದಯವಿಟ್ಟು ಮೂರು ವಿಷಯ ಬರಹದಲ್ಲಿ ತಿಳಿಸಿ. ಒಂದು, ಈ ಏಳು ಪಾಳಿಗಳು ನನ್ನ ಹೆಸರಿನಲ್ಲಿ ಗೈರು ಎಂದು ದಾಖಲಾಗುವುದಿಲ್ಲ ತಾನೇ? ಎರಡು, 24ರಿಂದ ಅದೇ ವಿಭಾಗದಲ್ಲಿ ಅದೇ ನಾಲ್ಕು ದಿನದ ಪಾಳಿ ಮುಂದುವರಿಯುವುದೇ? ಮೂರು, 14 ದಿನದ ನಿಯಮದಿಂದ ನನ್ನ ಖಾತೆ ನಿಷ್ಕ್ರಿಯವಾಗದಂತೆ ನೋಡಿಕೊಳ್ಳುವಿರಾ?
>
> 2ನೇ ತಾರೀಕು ರೋಸ್ಟರ್ ಮುಚ್ಚುವ ಮೊದಲು ಉತ್ತರ ಸಿಕ್ಕರೆ ಬದಲಿಯವರನ್ನು ಹಾಕಲು ನಿಮಗೂ ಅನುಕೂಲ.

ಯಾಕೆ ಹೋಗುತ್ತಿದ್ದೀರಿ ಅಂತ ಬರೆದಿಲ್ಲ, ಗಮನಿಸಿ. ಕಾರಣ ಕೊಟ್ಟರೆ ಅದು ದೊಡ್ಡದಾ ಚಿಕ್ಕದಾ ಅಂತ ತೂಗಲು ಕೂರುತ್ತಾರೆ. ಅವರು ತೂಗಬೇಕಾದದ್ದು ಆ ಏಳು ಪಾಳಿಗೆ ಜನ ಸಿಗುತ್ತಾರಾ ಅನ್ನೋದನ್ನು ಮಾತ್ರ. ಫೋನಿನಲ್ಲಿ ಕೇಳಿದರೆ ಒಂದು ಸಾಲಿನಲ್ಲಿ ಹೇಳಿ, ಮುಚ್ಚಿಡುವಂಥದ್ದೇನಿಲ್ಲ.

ಮೂರು ಪ್ರಶ್ನೆ ಬೇರೆ ಬೇರೆ ಇಟ್ಟಿರುವುದಕ್ಕೂ ಕಾರಣ ಇದೆ. ಒಟ್ಟಿಗೆ ಕೇಳಿದರೆ "ಸರಿ" ಅಂತ ಒಂದು ಉತ್ತರ ಬರುತ್ತದೆ, ಯಾವುದಕ್ಕೆ ಸರಿ ಅಂತ ಆಮೇಲೆ ಗೊತ್ತಾಗುವುದಿಲ್ಲ.

ಕಾಯಿದೆ ಕಣ್ಣು

ಕೊನೆಗೆ "2ನೇ ತಾರೀಕಿನೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸುತ್ತೇನೆ" ಅಂತ ಸೇರಿಸಿ. ಮೌನ ಸಮ್ಮತಿ ಆಗುತ್ತದೆ.

ರೋಸ್ಟರ್ ಮೇಜು

ಆ ಸಾಲು ಬರೆದರೆ ಹಾನಿಯಿಲ್ಲ, ನಂಬಿಕೊಂಡರೆ ಹಾನಿ. ನೀವು ಏಕಪಕ್ಷೀಯವಾಗಿ ಹಾಕಿದ ಷರತ್ತಿಗೆ ಅವರ ಮೌನ ಒಪ್ಪಿಗೆ ಆಗುವುದಿಲ್ಲ. ಬರೆಯುವುದಾದರೆ "ಉತ್ತರ ಬಾರದಿದ್ದರೆ ಆ್ಯಪಿನಲ್ಲಿ ಈ ದಿನಗಳನ್ನು ಬ್ಲಾಕ್ ಮಾಡುತ್ತೇನೆ" ಅಂತ ಬರೆಯಿರಿ. ಅದು ನಿಮ್ಮ ಕೈಯಲ್ಲಿರುವ ಕೆಲಸ, ನಿಯಮ ಅನುಮತಿಸುವ ಕೆಲಸ. ಗೈರಿನಿಂದ ಉಳಿಸುವುದು ಆ ಬ್ಲಾಕ್. ಜಾಗ ಉಳಿಸುವುದಕ್ಕೆ ಮಾತ್ರ ಅವರ ಉತ್ತರವೇ ಬೇಕು.

ಇನ್ನೊಂದು ವಿಷಯ, "ನೋಟೆಡ್" ಅಂತ ಉತ್ತರ ಬಂದರೆ ಅದು ಒಪ್ಪಿಗೆ ಅಲ್ಲ. ಓದಿದೆ ಅಂತ ಅಷ್ಟೇ. ಆಗ ಫೋನ್ ಮಾಡಿ ಕೇಳಿ, ಅವರು ಹೇಳಿದ್ದನ್ನು ಇಟ್ಟುಕೊಂಡು ನೀವೇ ಬರೆಯಿರಿ: "ಇವತ್ತು ಮಧ್ಯಾಹ್ನ ಮಾತಾಡಿದಂತೆ ಏಳು ಪಾಳಿ ಗೈರಲ್ಲ, 24ರಿಂದ ಅದೇ ಪಾಳಿ. ನಾನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ತಿಳಿಸಿ."

ಸಂಜೆಪಾಳಿ

ಕಳಿಸಿದೆ. ಆ್ಯಪಿನಲ್ಲಿ 9ರಿಂದ ಶುರುವಾಗೋ ರೋಸ್ಟರಿಗೆ ಆರು ದಿನ ಬ್ಲಾಕ್ ಹಾಕಿದೆ. 23ರ ರೋಸ್ಟರ್ ಇನ್ನೂ ತೆರೆದೇ ಇಲ್ಲ, ಬೂದು ಬಣ್ಣದಲ್ಲಿದೆ. ಒತ್ತಿದರೆ ಏನೂ ಆಗಲ್ಲ.

ರೋಸ್ಟರ್ ಮೇಜು

ಹೆಚ್ಚಿನ ಕಡೆ ಹಿಂದಿನ ರೋಸ್ಟರ್ ಶುರುವಾದ ಮೇಲೆ ಮುಂದಿನದು ತೆರೆಯುತ್ತದೆ. ಹಾಗಾದರೆ ನಿಮಗೆ 9ಕ್ಕೆ ಸಿಗಬೇಕು. 9, 10ರಲ್ಲಿ ಯಾವತ್ತಾದರೂ ಕೆಲಸಕ್ಕೆ ಹೋಗುವ ಮೊದಲು 23 ಒಂದನ್ನು ಬ್ಲಾಕ್ ಮಾಡಿ, 24, 26, 27 ಮತ್ತು ಅದರ ಮುಂದಿನ ವಾರದ ನಾಲ್ಕು ದಿನ "ಲಭ್ಯ" ಅಂತ ಕೈಯಾರೆ ತುಂಬಿ. ತಾನಾಗೇ ಬೀಳುತ್ತದೆ ಅಂತ ಬಿಡಬೇಡಿ. ಕೋಆರ್ಡಿನೇಟರ್ ಆ ಕಡೆಯಿಂದ ಬ್ಲಾಕ್ ಹಾಕಿದ್ದರೆ ತಾನಾಗೇ ಬೀಳುವುದು ನಿಂತಿರುತ್ತದೆ. 16ರವರೆಗೂ ತೆರೆಯದಿದ್ದರೆ ಹೋದ ಊರಿನಿಂದಲೇ ತುಂಬಬೇಕಾಗುತ್ತದೆ, 15, 16ಕ್ಕೆ ನೆಟ್‌ವರ್ಕ್ ಇರುವ ಕಡೆ ಇರಿ. 18 ಬುಧವಾರ ರೋಸ್ಟರ್ ಬಂದಾಗ ತೆರೆದು ನೋಡಿ. ಖಾಲಿ ಇದ್ದರೆ ಅವತ್ತೇ ಫೋನ್ ಮಾಡಿ, ಬುಧವಾರ ಸಂಜೆ ತಿದ್ದುವುದು ಸುಲಭ. 23ಕ್ಕೆ ಬಂದು ನೋಡಿದರೆ ಜಾಗ ಬೇರೆಯವರ ಹೆಸರಿನಲ್ಲಿ ಕೂತಿರುತ್ತದೆ.

ಹೊರಡುವ ಮೊದಲು 9, 10ರ ಟೈಮ್‌ಶೀಟ್‌ಗೆ ಸೂಪರ್‌ವೈಸರ್ ಒಪ್ಪಿಗೆ ಹಾಕಿಸಿಕೊಳ್ಳಿ. ನೀವಿಲ್ಲದಾಗ ಅದು ಬಾಕಿ ಉಳಿದರೆ ಆ 10 ಗಂಟೆಯ ಹಣ ಮುಂದಿನ ಸಂಬಳಕ್ಕೆ ಹೋಗುತ್ತದೆ.

ಎರಡುಗಾಲಿ

ನಾನು ಹೇಳಿದ್ದು ತಪ್ಪಾಯ್ತು ಬಿಡಿ. ಆದರೆ ಡೆಲಿವರಿಯಲ್ಲೂ ಒಂದಿದೆ, ವಾರದ ಗುರಿ ಮುಟ್ಟಿದರೆ ಬರೋ ಪ್ರೋತ್ಸಾಹ ಧನ. ವಾರದ ನಡುವೆ ಹೊರಟರೆ ಎರಡು ವಾರದ್ದು ಹೋಗತ್ತೆ, ವಾರದ ಮೊದಲ ದಿನ ಹೊರಟರೆ ಒಂದೇ. ಅದಕ್ಕೂ ಇದೇ ಲೆಕ್ಕ ಅಲ್ವಾ?

ರೋಸ್ಟರ್ ಮೇಜು

ಅದೇ ಲೆಕ್ಕ. ಬಿಡುವು ಎಷ್ಟು ದಿನ ಅನ್ನೋದಕ್ಕಿಂತ ಎಷ್ಟು ಚಕ್ರ ಮುಟ್ಟುತ್ತದೆ ಅನ್ನೋದು ಮುಖ್ಯ.

ಸಂಜೆಪಾಳಿ

ಇವತ್ತು ಉತ್ತರ ಬಂತು. ಹಾಗೇ ಹಾಕ್ತೇನೆ: "ಏಳು ಪಾಳಿಗಳಿಗೆ ಗೈರು ದಾಖಲಾಗುವುದಿಲ್ಲ. 11ರ ಪಾಳಿ ನಿಮಗೆ ಕೊಡಲಾಗಿದೆ. 24ರ ನಂತರದ ನಿಯೋಜನೆ ಕ್ಲೈಂಟ್ ಬೇಡಿಕೆಗೆ ಒಳಪಟ್ಟಿರುತ್ತದೆ."

14 ದಿನದ ಬಗ್ಗೆ ಏನೂ ಬರೆದಿಲ್ಲ. 11 ಸಿಕ್ಕಿದ್ದರಿಂದ ಅದು ಪರವಾಗಿಲ್ಲ ಅಂದುಕೊಂಡೆ. ಆದರೆ ಮೂರನೇ ಸಾಲು?

ರೋಸ್ಟರ್ ಮೇಜು

11ರ ಪಾಳಿ ಪೂರ್ತಿ ಮಾಡಿ, ನಡುವೆ ಎದ್ದು ಬರಬೇಡಿ. "ಪೂರ್ಣಗೊಳಿಸಿದ" ಅನ್ನೋದೇ ಎಣಿಕೆಗೆ ಬರುವುದು. ಆ ಒಂದು ಪಾಳಿಯ ಮೇಲೆ ನಿಮ್ಮ ಖಾತೆ ನಿಂತಿದೆ.

ಮೂರನೇ ಸಾಲು ನಿರಾಕರಣೆಯಲ್ಲ, ಭರವಸೆಯೂ ಅಲ್ಲ. ಕ್ಲೈಂಟ್ ಜನ ಕಡಿಮೆ ಮಾಡಿದರೆ ಏಜೆನ್ಸಿ ಕೈಯಲ್ಲೂ ಏನಿಲ್ಲ, ಅದಕ್ಕೇ ಅವರು ಆ ಮಾತು ಕೊಡುವುದಿಲ್ಲ. ಹಟ ಹಿಡಿದು ಅದನ್ನೇ ಕೇಳಿದರೆ ಸಿಕ್ಕ ಎರಡೂ ಮಸುಕಾಗುತ್ತವೆ. ಒಂದು ಮೆಟ್ಟಿಲು ಕೆಳಗೆ ಕೇಳಿ: "ಅದೇ ಜಾಗ ಇಲ್ಲದಿದ್ದರೆ 24ರ ವಾರದಲ್ಲೇ ಬೇರೆ ಕಡೆ ಅಷ್ಟೇ ಗಂಟೆಯ ಪಾಳಿ ಸಿಗುವುದೇ?" ಅದು ಅವರ ಕೈಯಲ್ಲಿರುವುದು, ಹೌದು ಅನ್ನಬಹುದು.

ಫ್ಲೋರ್ ಲೀಡ್

ಜೊತೆಗೆ ನಿಮ್ಮ ಸೂಪರ್‌ವೈಸರ್ ಬಾಯಲ್ಲಿ ಹೇಳಿದ್ದನ್ನು ಏಜೆನ್ಸಿಗೆ ಒಂದು ಸಾಲು ಬರೆದು ಕಳಿಸಲು ಕೇಳಿ. "ಕ್ಲೈಂಟ್ ಬೇಡಿಕೆ" ಅಂತ ಅವರೇ ಬರೆದಿದ್ದಾರಲ್ಲ, ಆ ಬೇಡಿಕೆ ಅಂದರೆ ಇವರೇ.

ರೋಸ್ಟರ್ ಮೇಜು

ಈ ಸಲ ಒಪ್ಪಿದೆ. ಆದರೆ ಅದು "ಇವರನ್ನೇ ಕಳಿಸಿ" ಅಂತಿರಲಿ. "ಇವರಿಗೆ ಬಿಡುವು ಕೊಟ್ಟಿದ್ದೇವೆ" ಅಂತ ಬೇಡ. ಎರಡನೆಯದು ಕಂಡರೆ ಏಜೆನ್ಸಿಗೆ ಮತ್ತೆ ಉರಿಯುತ್ತದೆ.

ಸಂಜೆಪಾಳಿ

ನಾಳೆ ಸೂಪರ್‌ವೈಸರ್ ಪಾಳಿಯಲ್ಲಿ ಇದ್ದಾರೆ, ಕೇಳ್ತೇನೆ. ಅವರು ಬರೆಯೋ ಜಾತಿಯಲ್ಲ, ಮಾತಲ್ಲೇ ಮುಗಿಸೋರು. ಬರೆಯದಿದ್ದರೆ?

ಫ್ಲೋರ್ ಲೀಡ್

ಬುಧವಾರ 18ಕ್ಕೆ ಮೊದಲು ಕೋಆರ್ಡಿನೇಟರ್‌ಗೆ ಒಂದು ಫೋನ್ ಮಾಡಿಸಿ, ಅಷ್ಟು ಸಾಕು. ರೋಸ್ಟರ್ ಮಾಡೋ ಹೊತ್ತಿಗೆ ಹೆಸರು ಕಿವಿಯಲ್ಲಿದ್ದರೆ ಆಯ್ತು.

ರೋಸ್ಟರ್ ಮೇಜು

18 ಅಲ್ಲ, 16. ಬುಧವಾರ ಬರುವುದು ಸೋಮವಾರ ರಾತ್ರಿ ಮುಚ್ಚಿದ್ದು.